ವಾಂತಿಯಾದರೆ ಮೊದಲು ಗಡಿಯಾರ ನೋಡಿ

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಅಂತ ಸುದ್ದಿಗಾಗಿ ಸುತ್ತುವ ನನ್ನ ನಂಬರು ಈ ಭಾಗದ ಬಹಳ ಹೆಣ್ಣುಮಕ್ಕಳ ಫೋನಿನಲ್ಲಿದೆ. ಡಾಕ್ಟರ ಹತ್ತಿರ ಬಾಯಿಬಿಟ್ಟು ಕೇಳಲಾಗದ್ದನ್ನು ಅವರು ನನ್ನ ಹತ್ತಿರ ಕೇಳುತ್ತಾರೆ. ಅದರಲ್ಲಿ ಹೆಚ್ಚು ಗೊಂದಲ ಇರುವುದು ತುರ್ತು ಗರ್ಭನಿರೋಧಕ ಗುಳಿಗೆಯ ಬಗ್ಗೆ.

ಗುಳಿಗೆಯ ಡಬ್ಬಿ ಮೇಲೆ 72 ಗಂಟೆಯೊಳಗೆ ಅಂತ ಬರೆದಿರುತ್ತದೆ. ಹಾಗಾದರೆ ಮೂರು ದಿನ ಟೈಮಿದೆ, ಸಂತೆ ದಿನ ಪೇಟೆಗೆ ಹೋದಾಗ ತಂದರಾಯಿತು ಎಂದುಕೊಳ್ಳುವವರೇ ಜಾಸ್ತಿ. ಆದರೆ 72 ಗಂಟೆ ಎನ್ನುವುದು ಕೊನೆಯ ಗಡುವು, ಕಾಯಲು ಕೊಟ್ಟ ಸಮಯವಲ್ಲ. ಲಿವೊನಾರ್ಜೆಸ್ಟ್ರೆಲ್ ಇರುವ ಈ 1.5 ಮಿಲಿಗ್ರಾಂ ಗುಳಿಗೆ ಮಾಡುವ ಕೆಲಸ ಒಂದೇ: ಅಂಡಾಶಯದಿಂದ ಅಂಡ ಹೊರಬರುವುದನ್ನು ಮುಂದೂಡುವುದು. ವೀರ್ಯಾಣು ಹೆಣ್ಣಿನ ದೇಹದಲ್ಲಿ ಐದು ದಿನದ ತನಕ ಬದುಕಿರಬಲ್ಲದು. ಅಷ್ಟರಲ್ಲಿ ಅಂಡ ಬಿಡುಗಡೆಯಾಗಿಬಿಟ್ಟರೆ ಗುಳಿಗೆ ನುಂಗಿಯೂ ಉಪಯೋಗವಿಲ್ಲ. ಅಂಡ ಯಾವಾಗ ಬರುತ್ತದೆ ಅಂತ ಯಾರಿಗೂ ಖಚಿತವಾಗಿ ಗೊತ್ತಿರುವುದಿಲ್ಲ, ಅದಕ್ಕೇ ಸಿಕ್ಕ ಕೂಡಲೇ ನುಂಗಬೇಕು. ಇದಕ್ಕೆ ಚೀಟಿ ಬೇಕಿಲ್ಲ, ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಊರಿನ ಆಶಾ ಅಕ್ಕನ ಹತ್ತಿರವೂ ಕೇಳಬಹುದು.

ಕಂಪ್ಲಿ ಕಡೆಯ ಒಬ್ಬಾಕೆ ಇದನ್ನು ಸರಿಯಾಗಿಯೇ ಮಾಡಿದ್ದಳು. ಭಾನುವಾರ ರಾತ್ರಿ ಕಾಂಡೋಮ್ ಹರಿದಿತ್ತು. ಸೋಮವಾರ ಬೆಳಗ್ಗೆ 7.30ಕ್ಕೆ ಗುಳಿಗೆ ನುಂಗಿ ಹೊಸಪೇಟೆ ಬಸ್ ಹತ್ತಿದಳು. 8.40ಕ್ಕೆ ಬಸ್ಸಿನಲ್ಲೇ ವಾಂತಿ. "ಅಕ್ಕಾ, ಎಲ್ಲಾ ಹೊರಗ ಬಂತು, ಈಗ ಏನ್ ಮಾಡ್ಲಿ?" ಅಂತ ಫೋನ್ ಮಾಡಿದಳು.

ನಾನು ಕೇಳಿದ್ದು ಎರಡೇ ಪ್ರಶ್ನೆ: ಎಷ್ಟೊತ್ತಿಗೆ ನುಂಗಿದೆ, ಎಷ್ಟೊತ್ತಿಗೆ ವಾಂತಿಯಾಯಿತು? ಲೆಕ್ಕ ಹಾಕಿದರೆ ಒಂದು ಗಂಟೆ ಹತ್ತು ನಿಮಿಷ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಎರಡು ಗಂಟೆಯೊಳಗೆ ವಾಂತಿಯಾದರೆ ಗುಳಿಗೆ ಪೂರ್ತಿ ಮೈಗೆ ಹತ್ತಿಲ್ಲ ಅಂತ ತಿಳಿದು ಇನ್ನೊಂದನ್ನು ಆದಷ್ಟು ಬೇಗ ನುಂಗಬೇಕು. ಆಕೆ ಹೊಸಪೇಟೆಯಲ್ಲಿ ಇಳಿದವಳೇ ಇನ್ನೊಂದು ಕೊಂಡು ನುಂಗಿದಳು. ಬ್ರಿಟನ್ನಿನ ವೈದ್ಯರು ಮೂರು ಗಂಟೆಯ ಲೆಕ್ಕ ಹಿಡಿಯುತ್ತಾರೆ. ಹಾಗಾಗಿ ಎರಡರಿಂದ ಮೂರು ಗಂಟೆಯ ನಡುವೆ ವಾಂತಿಯಾದವರು ಮೆಡಿಕಲ್ ಶಾಪಿನವರನ್ನೋ ಡಾಕ್ಟರನ್ನೋ ಕೇಳುವುದು ಒಳ್ಳೆಯದು. ಅದೇ ವಾಂತಿ 11 ಗಂಟೆಗೆ ಆಗಿದ್ದರೆ ಇನ್ನೊಂದು ಗುಳಿಗೆ ಬೇಕಿರಲಿಲ್ಲ. ಬರೀ ಹೊಟ್ಟೆ ತೊಳಸಿ, ವಾಂತಿಯಾಗದಿದ್ದರೂ ಬೇಡ.

ಎರಡನೆಯದೂ ವಾಂತಿಯಾದರೆ ಗುಳಿಗೆ ಮೇಲೆ ಗುಳಿಗೆ ನುಂಗುತ್ತಾ ಕೂರದೆ ಆಸ್ಪತ್ರೆಗೆ ಹೋಗಬೇಕು. ಐದು ದಿನದೊಳಗೆ ಕಾಪರ್-ಟಿ ಹಾಕಿಸಿಕೊಂಡರೆ ಅದು ಗುಳಿಗೆಗಿಂತ ಹೆಚ್ಚು ಖಾತ್ರಿ, ವಾಂತಿಯ ಭಯವೂ ಇಲ್ಲ.

ಆಕೆಗೆ ಇನ್ನೆರಡು ಮಾತು ಹೇಳಿದೆ. ಈ ಗುಳಿಗೆ ಆಗಿಹೋದದ್ದಕ್ಕೆ ಮಾತ್ರ, ಮುಂದಿನ ರಾತ್ರಿಗಳಿಗೆ ಕಾವಲಲ್ಲ. ಮುಟ್ಟು ಒಂದು ವಾರಕ್ಕಿಂತ ತಡವಾದರೆ ಗರ್ಭ ಪರೀಕ್ಷೆ ಮಾಡಿಸಲೇಬೇಕು.