ಸುಬ್ಬಿಯ ಬಿಪಿ ನೋಡಿದ ಬಗೆ

ಬೆಕ್ಕಿಗೂ ಬಿಪಿ ಬರುತ್ತದೆ ಎಂದರೆ ಊರಿನವರು ಫೋನಿನಲ್ಲೇ ನಗುತ್ತಾರೆ. "ಅದಕ್ಕೇನು, ಮಗಳ ಮದುವೆಯ ಚಿಂತೆಯೇ?" ಎಂದು ನಮ್ಮ ಅತ್ತಿಗೆ ಕೇಳಿದರು. ಇದು ಚಿಂತೆಯಿಂದ ಬರುವುದಲ್ಲ. ವಯಸ್ಸಾದ ಬೆಕ್ಕಿನಲ್ಲಿ ಹೆಚ್ಚಾಗಿ ಮೂತ್ರಪಿಂಡ ಸೋಲುವುದರ ಜೊತೆಗೆ ಬರುತ್ತದೆ, ಇಲ್ಲವೇ ಥೈರಾಯ್ಡ್ ಅತಿಯಾಗುವುದರಿಂದ. ಕೆಲವೊಮ್ಮೆ ಕಾರಣವೇ ಸಿಗುವುದಿಲ್ಲ. ಕಷ್ಟವೇನೆಂದರೆ, ಮನೆಯವರ ಕಣ್ಣಿಗೆ ಬೀಳುವ ಮೊದಲ ಲಕ್ಷಣ ಎಷ್ಟೋ ಸಲ ಕುರುಡುತನವೇ ಆಗಿರುತ್ತದೆ.

ನಮ್ಮ ಸುಬ್ಬಿಗೆ 14 ವರ್ಷ. ಘಾಜಿಯಾಬಾದಿನ ಇಂದಿರಾಪುರಂನಲ್ಲಿ ನಮ್ಮ ಬಾಲ್ಕನಿಗೆ ಮಾರ್ಚ್ ತಿಂಗಳಲ್ಲಿ ಬೆಳಿಗ್ಗೆಯೇ ಚುರುಕು ಬಿಸಿಲು ಬೀಳುತ್ತದೆ. ಆ ಬೆಳಕಿಗೆ ಬೆಕ್ಕಿನ ಕಣ್ಣಿನ ಪಾಪೆ ಗೆರೆಯಷ್ಟು ಸಣ್ಣದಾಗಬೇಕು. ಅಂದು ಸುಬ್ಬಿಯ ಎರಡೂ ಪಾಪೆಗಳು ಕತ್ತಲೆಯಲ್ಲಿದ್ದಂತೆ ಅಗಲವಾಗಿದ್ದವು, ಬಲಗಣ್ಣಿನದು ಇನ್ನಷ್ಟು. ಕೆಲವು ವಾರಗಳಿಂದ ರಾತ್ರಿ ಎರಡು ಗಂಟೆಗೆ ಎದ್ದು ಗೋಡೆಯ ಕಡೆ ಮುಖ ಮಾಡಿ ಕೂಗುವುದೂ ಇತ್ತು. ಅಂದೇ ಆಟೋ ಹತ್ತಿಸಿ ಕರೆದೊಯ್ದೆವು.

ಆಟೋ, ಹಾರ್ನ್, ಹೊರಗೆ ಬೊಗಳುವ ನಾಯಿ. ಇಷ್ಟಾದ ಮೇಲೆ ಆರೋಗ್ಯವಂತ ಬೆಕ್ಕಿನ ಬಿಪಿಯೂ ಏರುತ್ತದೆ. ಬೆಕ್ಕಿನ ಬಿಪಿ ನೋಡುವುದರಲ್ಲಿ ಇರುವ ದೊಡ್ಡ ತೊಡಕೇ ಇದು: ಬಂದ ಅಂಕಿ ಕಾಯಿಲೆಯದೋ, ಹೆದರಿಕೆಯದೋ? ಡಾಕ್ಟರಮ್ಮ ಹಿಂದಿನ ಸಣ್ಣ ಕೋಣೆಯ ಬಾಗಿಲು ಹಾಕಿ, ಸುಬ್ಬಿಯನ್ನು ನನ್ನ ಮಡಿಲಲ್ಲೇ ಬಿಟ್ಟು, ಹತ್ತು ನಿಮಿಷ ಏನೂ ಮಾಡದೆ ಕೂತರು. ಆಮೇಲೆ ಟೇಪಿನಲ್ಲಿ ಮುಂಗಾಲಿನ ಸುತ್ತಳತೆ ನೋಡಿದರು: 8 ಸೆಂ.ಮೀ. ಕಫ್‌ನ ಅಗಲ ಸುತ್ತಳತೆಯ ಶೇ 30ರಿಂದ 40ರಷ್ಟಿರಬೇಕು. ಹಾಗಾಗಿ 2.5 ಸೆಂ.ಮೀ. ಕಫ್ ಆರಿಸಿದರು. ಕಫ್ ಕಿರಿದಾದರೆ ಅಂಕಿ ಸುಳ್ಳೇ ಏರುತ್ತದೆ, ಅಗಲವಾದರೆ ಸುಳ್ಳೇ ಇಳಿಯುತ್ತದೆ. ಕಾಲು ಹೃದಯದ ಮಟ್ಟದಲ್ಲಿರಬೇಕು.

ಪಂಜದ ಅಡಿಭಾಗಕ್ಕೆ ಜೆಲ್ ಹಚ್ಚಿ ಡಾಪ್ಲರ್ ಯಂತ್ರದ ಪುಟ್ಟ ತುದಿಯನ್ನು ಇಟ್ಟರು. ನಾಡಿ ಅದರಲ್ಲಿ 'ಶ್ಶು, ಶ್ಶು' ಎಂದು ಕೇಳುತ್ತದೆ. ಆ ಸದ್ದಿಗೂ ಬೆಕ್ಕು ಬೆಚ್ಚುವುದರಿಂದ ಅವರು ಹೆಡ್‌ಫೋನ್ ಹಾಕಿಕೊಂಡಿದ್ದರು. ಕಫ್‌ಗೆ ಗಾಳಿ ತುಂಬಿ ಸದ್ದು ನಿಂತ ಮೇಲೆ ನಿಧಾನವಾಗಿ ಗಾಳಿ ಬಿಟ್ಟಾಗ, ಸದ್ದು ಮರಳುವ ಅಂಕಿಯೇ ಮೇಲಿನ ಬಿಪಿ. ಕೆಳಗಿನದನ್ನು ಈ ವಿಧಾನದಲ್ಲಿ ನಂಬುವಂತಿಲ್ಲ.

ಮೊದಲು 212 ಬಂತು. ಅದನ್ನು ಬರೆದುಕೊಳ್ಳಲೇ ಇಲ್ಲ, ಮೊದಲನೆಯದನ್ನು ಬಿಡುವುದು ಪದ್ಧತಿ. ಆಮೇಲೆ 204, 198, 194, 192, 196. ಸರಾಸರಿ 197. ಬೆಕ್ಕಿಗೆ 140ರ ಒಳಗಿದ್ದರೆ ನಿಶ್ಚಿಂತೆ, 160 ದಾಟಿದರೆ ಕಾಯಿಲೆ, 180 ದಾಟಿದರೆ ಅಂಗಗಳಿಗೆ ದೊಡ್ಡ ಅಪಾಯ.

ಹೆದರಿಕೆಯ ಪಾಲು ಇದರಲ್ಲಿ ಇದ್ದೇ ಇದ್ದೀತು. ಅನುಮಾನ ತೀರಿದ್ದು ಕಣ್ಣಿನಿಂದ. ದೀಪ ಹಿಡಿದು ನೋಡಿದರೆ ಬಲಗಣ್ಣಿನ ಅಕ್ಷಿಪಟ ಹಿಂದಿನ ಗೋಡೆಯಿಂದ ಕಳಚಿ ಪರದೆಯಂತೆ ಮುಂದಕ್ಕೆ ಉಬ್ಬಿತ್ತು. ಎಡಗಣ್ಣಿನಲ್ಲಿ ಸಣ್ಣ ರಕ್ತದ ಚುಕ್ಕೆಗಳು. ಒತ್ತಡಕ್ಕೆ ಸೂಕ್ಷ್ಮ ರಕ್ತನಾಳಗಳು ಸೋರಿ, ಆ ನೀರು ಅಕ್ಷಿಪಟದ ಹಿಂದೆ ತುಂಬುವುದರಿಂದ ಹೀಗಾಗುತ್ತದೆ. ಕಣ್ಣು ಸರಿಯಿದ್ದು 170 ಬಂದಿದ್ದರೆ ಇನ್ನೊಂದು ದಿನ ಕರೆಸಿ ಮತ್ತೆ ನೋಡುತ್ತಿದ್ದರಂತೆ. ಕಣ್ಣು ಹೀಗಿದ್ದಾಗ ಕಾಯುವಂತಿಲ್ಲ.

ರಕ್ತದ ವರದಿಯಲ್ಲಿ ಥೈರಾಯ್ಡ್ ಸರಿಯಿತ್ತು, ಕ್ರಿಯಾಟಿನಿನ್ 2.4 ಇತ್ತು. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿತ್ತು. ಸೋತ ಮೂತ್ರಪಿಂಡ ಬಿಪಿ ಏರಿಸುತ್ತದೆ, ಏರಿದ ಬಿಪಿ ಅದರ ಸೋಸುಗಳನ್ನು ಇನ್ನಷ್ಟು ಹಾಳುಮಾಡುತ್ತದೆ. ಮಿದುಳಿಗೆ ನೀರು ಸೋರಿದರೆ ಗೊಂದಲ, ತೂಕಡಿಕೆ, ಫಿಟ್ಸ್ ಬರಬಹುದು.

ಔಷಧ ನಮಗೆಲ್ಲ ಗೊತ್ತಿರುವ ಆಮ್ಲೋಡಿಪಿನ್. 2.5 ಮಿ.ಗ್ರಾಂ ಮಾತ್ರೆಯ ಕಾಲು ಭಾಗ, ದಿನಕ್ಕೊಮ್ಮೆ. ಮನೆಯ ಹಿರಿಯರ ಡಬ್ಬಿಯಿಂದ ತೆಗೆದು ಕೊಡುವ ವಿಷಯವಲ್ಲ ಇದು: ಅವರ 5 ಮಿ.ಗ್ರಾಂ ಮಾತ್ರೆ ಇದರ ಎಂಟು ಪಟ್ಟು, ಜೊತೆಗೆ ಎಷ್ಟೋ ಮಾತ್ರೆಗಳಲ್ಲಿ ಅಟೆನೊಲಾಲ್‌ನಂಥ ಇನ್ನೊಂದು ಔಷಧವೂ ಸೇರಿರುತ್ತದೆ. ಕಣ್ಣಿಗೆ ಪೆಟ್ಟು ಬಿದ್ದಿದ್ದರಿಂದ ಮೂರನೇ ದಿನವೇ ಮತ್ತೆ ನೋಡಿದರು. ವಾರದ ಕೊನೆಗೆ ಸರಾಸರಿ 168ಕ್ಕೆ ನಿಂತಿತು. ಅರ್ಧ ಮಾತ್ರೆಗೆ ಏರಿಸಿದ ಮೇಲೆ 148ಕ್ಕೆ ಬಂತು. ತೀರ ಇಳಿದರೆ ಬೆಕ್ಕು ಸುಸ್ತಾಗಿ ಮೂಲೆ ಹಿಡಿಯುತ್ತದೆ, ಅದನ್ನೂ ಗಮನಿಸಬೇಕು.

ಬಲಗಣ್ಣಿಗೆ ದೃಷ್ಟಿ ಬರಲಿಲ್ಲ. ಕಳಚಿ ದಿನಗಳಾದ ಅಕ್ಷಿಪಟ ಮತ್ತೆ ಅಂಟಿಕೊಂಡರೂ ನೋಟ ಮರಳುವುದು ಅಪರೂಪ. ಎಡಗಣ್ಣು ಉಳಿಯಿತು. ರಾತ್ರಿಯ ಕೂಗು ಎರಡು ವಾರದಲ್ಲಿ ನಿಂತಿತು. ಅದು ಮುಪ್ಪಿನ ಮರೆವಿನದ್ದಾಗಿದ್ದರೆ ಈ ಮಾತ್ರೆಗೆ ನಿಲ್ಲುತ್ತಿರಲಿಲ್ಲ ಎಂಬುದು ಡಾಕ್ಟರಮ್ಮನ ಲೆಕ್ಕ. ಈಗ ಮೂರು ತಿಂಗಳಿಗೊಮ್ಮೆ ಅದೇ ಕೋಣೆ, ಅದೇ ಎಡ ಮುಂಗಾಲು, ಅದೇ 2.5ರ ಕಫ್. ಮೂರನ್ನೂ ಅವರು ಸುಬ್ಬಿಯ ಚೀಟಿಯಲ್ಲಿ ಬರೆದಿಟ್ಟಿದ್ದಾರೆ.