ಯಾವ ಗಾಡಿಗೆ ಎಂಟು?

ಪುಣೆಯ ನಮ್ಮ ಮನೆಯಲ್ಲೇ ಇದ್ದುಕೊಂಡು ಓದುತ್ತಿರುವ ಅಕ್ಕನ ಮಗ ಸೋಮವಾರ ಪ್ರಾಜೆಕ್ಟ್ ರಿಪೋರ್ಟ್ ಒಪ್ಪಿಸಬೇಕಿತ್ತು. ಡೇಟಾ ಹಳೆಯದು: `R` ಜೊತೆಗೇ ಬರುವ `mtcars`. 1974ರ ಮೋಟರ್ ಟ್ರೆಂಡ್ ಪತ್ರಿಕೆಯಿಂದ ತೆಗೆದ 32 ಕಾರುಗಳ ಮೈಲೇಜ್, ತೂಕ, ಅಶ್ವಶಕ್ತಿ ಇತ್ಯಾದಿ. ಅವನು ಓಡಿಸಿದ ಮಾಡೆಲ್ ಇದು:

```
lm(mpg ~ wt * hp, data = mtcars)
```

ನಡುವಿನ ಆ ನಕ್ಷತ್ರಕ್ಕೆ ಅರ್ಥ, ತೂಕ, ಅಶ್ವಶಕ್ತಿ ಎರಡರ ಜೊತೆಗೆ ಅವುಗಳ ಗುಣಲಬ್ಧವೂ ಇರಲಿ ಎಂದು. ಉತ್ತರದಲ್ಲಿ `wt` ಎದುರು −8.217, `wt:hp` ಎದುರು 0.02785 ಬಂದಿತ್ತು.

"ಮಾಮಾ, ತೂಕ ಸಾವಿರ ಪೌಂಡ್ ಹೆಚ್ಚಾದ್ರ ಮೈಲೇಜ್ ಎಂಟು ಇಳೀತದ ಅಂತ ಬರದೇನಿ."

"ಯಾವ ಗಾಡಿಗೆ?" ಅಂದೆ.

"ಎಲ್ಲಾಕ್ಕೂ."

ಎಡವುವುದು ಇಲ್ಲೇ. ಗುಣಲಬ್ಧ ಸೇರಿದ ಮೇಲೆ ತೂಕದ ಇಳಿಜಾರು ಒಂದೇ ಸಂಖ್ಯೆಯಾಗಿ ಉಳಿಯುವುದಿಲ್ಲ; ಅದು −8.217 + 0.02785 × hp. ಅವನು ಬರೆದ ಎಂಟು, ಅಶ್ವಶಕ್ತಿ ಸೊನ್ನೆ ಇರುವ ಕಾರಿನದು. ಅಂಥದ್ದನ್ನು ಎತ್ತುಗಳೇ ಎಳೆಯಬೇಕು! ಈ ಪಟ್ಟಿಯಲ್ಲಿ ಅತಿ ಕಡಿಮೆ ಎಂದರೆ ಹೋಂಡಾ ಸಿವಿಕ್‌ನ 52. ಆ ಸಾಲಿನ ಪಿ-ವ್ಯಾಲ್ಯೂ ಕೂಡ ಇಲ್ಲದ ಆ ಕಾರಿನದೇ. ಅದನ್ನು ನೋಡಿ 'ತೂಕ ಮುಖ್ಯ', 'ಮುಖ್ಯವಲ್ಲ' ಎಂದು ತೀರ್ಪು ಕೊಡುವವರನ್ನು ಆಫೀಸಿನಲ್ಲೂ ಕಂಡಿದ್ದೇನೆ.

ಹಾಗಾದರೆ ಬರೆಯುವುದು ಹೇಗೆ? ಓದುವವರಿಗೆ ಪರಿಚಯವಿರುವ ಒಂದೆರಡು ಬೆಲೆ ಹಿಡಿದು ಹೇಳುವುದು. 100 ಅಶ್ವಶಕ್ತಿಯ ಕಾರುಗಳಲ್ಲಿ, ಸಾವಿರ ಪೌಂಡ್ ಹೆಚ್ಚು ತೂಕದ ಕಾರಿನ ಮೈಲೇಜ್ ಗ್ಯಾಲನ್‌ಗೆ ಸುಮಾರು 5.4 ಮೈಲಿ ಕಡಿಮೆ. 200 ಅಶ್ವಶಕ್ತಿಯವುಗಳಲ್ಲಿ ಸುಮಾರು 2.6 ಮಾತ್ರ. ಅಂದರೆ ಮೊದಲೇ ಪೆಟ್ರೋಲ್ ಕುಡಿಯುವ ಗಾಡಿಗೆ ತೂಕದ ಪೆಟ್ಟು ಕಡಿಮೆ. 0.02785 ಹೇಳುವುದು ಇದನ್ನೇ: ಅಶ್ವಶಕ್ತಿ ನೂರು ಏರಿದರೆ ಇಳಿಜಾರು 2.8ರಷ್ಟು ಸಪಾಟಾಗುತ್ತದೆ.

ಆ 5.4ಕ್ಕೆ ಸ್ಟ್ಯಾಂಡರ್ಡ್ ಎರರ್ ಬೇಕೆಂದರೆ ಕೋವೇರಿಯನ್ಸ್ ಹಿಡಿದು ಲೆಕ್ಕ ಹಾಕುವ ದಾರಿಯಿದೆ. ನನಗೆ ಇಷ್ಟವಾದದ್ದು ಸೋಮಾರಿಗಳ ದಾರಿ: ಸೊನ್ನೆಯನ್ನೇ ಬೇಕಾದ ಜಾಗಕ್ಕೆ ಎತ್ತಿಡುವುದು.

```
lm(mpg ~ wt * I(hp - 100), data = mtcars)
```

ಈಗ `wt` ಸಾಲಿನಲ್ಲಿ −5.43 ತಾನಾಗಿ ಬಂದು, ಅದರ ಎರರ್ ಪಕ್ಕದಲ್ಲೇ ಕೂರುತ್ತದೆ. ಗುಣಲಬ್ಧದ ಸಾಲು ಕದಲುವುದಿಲ್ಲ. ಮಾಡೆಲ್ ಕೊಡುವ ಅಂದಾಜುಗಳೂ ಅವೇ. ಹುಡುಗ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ ಮೇಲೇ ನಂಬಿದ್ದು.

ಆಮೇಲೆ ಅವನೇ ಕೇಳಿದ: "ಹಂಗಾರ 300ಕ್ಕ ಹೋದ್ರ ತೂಕ ಹೆಚ್ಚಿದ್ದಷ್ಟೂ ಮೈಲೇಜ್ ಏರ್ತದ?" ಸೂತ್ರದ ಪ್ರಕಾರ ಹೌದು, 295ರ ಹತ್ತಿರ ಇಳಿಜಾರು ಸೊನ್ನೆಯಾಗಿ ಆಚೆಗೆ ತಿರುಗುತ್ತದೆ. ಆದರೆ 295 ದಾಟಿದ್ದು ಇಡೀ ಪಟ್ಟಿಯಲ್ಲಿ 335ರ ಮಸೆರಾಟಿ ಬೋರಾ ಒಂದೇ. ಒಂದೇ ಕಾರಿನಿಂದ ಇಳಿಜಾರು ಅಳೆಯಲು ಬರುವುದಿಲ್ಲ. ಅಲ್ಲಿ ನೇರ ಗೆರೆ ತನ್ನ ಪಾಡಿಗೆ ಮುಂದೆ ಹೋಗಿದೆ, ಡೇಟಾ ಜೊತೆಗೆ ಹೋಗಿಲ್ಲ. ಅವನು ತನ್ನ ಚಿತ್ರದ ಗೆರೆಗಳನ್ನು 250ಕ್ಕೇ ನಿಲ್ಲಿಸಿದ.