ಮೂವತ್ತಾರು ಅಚ್ಚುಗಳು

ಗೌನಿಪಲ್ಲಿಯ ಆ ಸಂಜೆಯನ್ನು ನೆನೆದರೆ ಇಂದಿಗೂ ನನಗೆ ಕಿವಿ ಬಿಸಿಯಾಗುತ್ತದೆ. ಇಪ್ಪತ್ತನೆಯ ಲಾರಿಯ ಕಾಂಕ್ರೀಟು ಮುಗಿದುಹೋಗಿದ್ದಿತು. ಪಂಪಿನ ಕೊಳವೆ ಗಾಳಿಯನ್ನು ಉಗುಳುತ್ತಿದ್ದಿತು. ಆದರೆ ತಳಪಾಯದ ಈಶಾನ್ಯ ಮೂಲೆಯಲ್ಲಿ ಕಬ್ಬಿಣದ ಜಾಲರಿ ಇನ್ನೂ ಬೆತ್ತಲಾಗಿ ನಿಂತಿದ್ದಿತು. ಸುಮಾರು ಎರಡೂವರೆ ಮೀಟರು ಚೌಕದ ಹೊಂಡ. ಆಳುಗಳು ಸಲಿಕೆ ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದರು. ಮೇಸ್ತ್ರಿಗಳು ತಲೆಗೆ ಸುತ್ತಿದ್ದ ಟವಲನ್ನು ಬಿಚ್ಚಿ ಬೆವರೊರೆಸಿಕೊಂಡು, ನೆರಳಿನಲ್ಲಿ ಸಾಲಾಗಿ ಇಟ್ಟಿದ್ದ ಅಚ್ಚುಗಳ ಕಡೆಗೆ ಗದ್ದವೆತ್ತಿ ತೋರಿಸಿದರು.

"ನೋಡಿ ಸ್ವಾಮಿ, ನಿಮ್ಮ ಡಬ್ಬಿಗಳು ತಿಂದುಹಾಕಿದ್ದು. ಹನ್ನೆರಡು ಸಾಕು ಅಂತ ಬೆಳಿಗ್ಗೇನೆ ಹೇಳಿದ್ದೆ."

ಆ ಮಾತು ನಿಜವಾಗಿದ್ದಿದ್ದರೆ ಈ ಲೇಖನಕ್ಕೆ ಅವಕಾಶವೇ ಇರುತ್ತಿರಲಿಲ್ಲ. ಆದರೆ ಆ ಕ್ಷಣದಲ್ಲಿ ನನಗೂ ಅದು ನಿಜವೆಂದೇ ತೋರಿದ್ದು ನನ್ನ ಅನುಭವದ ಕೊರತೆಯನ್ನು ಹೇಳುತ್ತದೆ.

ಕೆಲಸವೇನೆಂಬುದನ್ನು ಮೊದಲು ತಿಳಿಸಿಬಿಡುತ್ತೇನೆ. ಎತ್ತರದ ನೀರಿನ ತೊಟ್ಟಿಯೊಂದಕ್ಕೆ ಅಡಿಪಾಯವಾಗಿ ಹದಿನಾಲ್ಕು ಮೀಟರು ಉದ್ದ, ಅಷ್ಟೇ ಅಗಲ, ಅರುವತ್ತು ಸೆಂಟಿಮೀಟರು ದಪ್ಪದ ಒಂದೇ ಹಲಗೆಯನ್ನು ಒಂದೇ ದಿನದಲ್ಲಿ ಸುರಿಯಬೇಕಾಗಿದ್ದಿತು. ಗುಣಿಸಿ ನೋಡಿದರೆ 117.6 ಘನ ಮೀಟರು. ನಾನು ಕಾಗದದ ಮೇಲಿನ ಆ ಅಂಕಿಯನ್ನೇ ನಂಬಿ 118 ಘನ ಮೀಟರನ್ನು ತರಿಸಿದ್ದೆ. ಆರು ಘನ ಮೀಟರಿನ ಲಾರಿಗಳು. ಕಡೆಯದು ಮಾತ್ರ ಕೊಂಚ ಕಡಿಮೆ. ಎಂ-25 ದರ್ಜೆ, ಎಂದರೆ ಇಪ್ಪತ್ತೆಂಟು ದಿನಗಳ ತರುವಾಯ ಒಂದು ಚದರ ಮಿಲಿಮೀಟರಿಗೆ ಇಪ್ಪತ್ತೈದು ನ್ಯೂಟನ್ ಒತ್ತಡವನ್ನು ತಾಳಬೇಕಾದ ಕಾಂಕ್ರೀಟು.

ಆ ಸಂಜೆ ಮೇಸ್ತ್ರಿಗಳ ಎದುರಿಗೇ ಸಿಮೆಂಟಿನ ಚೀಲದ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ಒಂದು ಅಚ್ಚಿನ ಒಳಬದಿ ಹದಿನೈದು ಸೆಂಟಿಮೀಟರು. ಅದರಲ್ಲಿ ಹಿಡಿಯುವುದು 3.375 ಲೀಟರು. ಮೂವತ್ತಾರು ಅಚ್ಚುಗಳಿಗೆ 121 ಲೀಟರು ಚಿಲ್ಲರೆ. ಅಷ್ಟನ್ನೂ ಆ ಹೊಂಡಕ್ಕೆ ಹಿಂದಿರುಗಿಸಿದರೆ ಅರುವತ್ತು ಸೆಂಟಿಮೀಟರಿನ ದಪ್ಪದಲ್ಲಿ ನಲವತ್ತೈದು ಸೆಂಟಿಮೀಟರು ಚೌಕದ ಜಾಗವಷ್ಟೇ ತುಂಬೀತು: ಒಂದು ಮೊರದಗಲ! ಮೇಸ್ತ್ರಿಗಳು ಹೊಂಡವನ್ನು ಒಮ್ಮೆ, ನನ್ನ ಕೈಗಳು ಗಾಳಿಯಲ್ಲಿ ಬರೆದ ಮೊರವನ್ನು ಒಮ್ಮೆ ನೋಡಿದರು. "ಹಾಗಾದ್ರೆ ಮಿಕ್ಕಿದ್ದು ಯಾರು ತಿಂದ್ರು?" ಎಂದರು. ಅದು ನ್ಯಾಯವಾದ ಪ್ರಶ್ನೆ.

ತಿಂದದ್ದು ನೆಲ. ಹಲಗೆಯ ಕೆಳಗೆ ಹಾಸಿದ್ದ ಬಡ ಕಾಂಕ್ರೀಟಿನ ಮಟ್ಟವನ್ನು ದಾರ ಕಟ್ಟಿ ನಾಲ್ಕು ಮೂಲೆಗಳಲ್ಲಿ ಮಾತ್ರ ನೋಡಿದ್ದೆ. ನಡುವೆ ಅದು ತಗ್ಗಾಗಿದ್ದಿತು. ಸರಾಸರಿ ಎರಡು ಸೆಂಟಿಮೀಟರು ತಗ್ಗಾಗಿದ್ದರೂ 196 ಚದರ ಮೀಟರಿನ ಮೇಲೆ ಅದು ಹೆಚ್ಚು ಕಡಿಮೆ ನಾಲ್ಕು ಘನ ಮೀಟರು. ಮೂವತ್ತಾರು ಅಚ್ಚುಗಳ ಮೂವತ್ತು ಪಟ್ಟಿಗೂ ಮೀರಿದ ಮೊತ್ತ. ಇದಲ್ಲದೆ ಪಂಪಿನ ಐದಂಗುಲದ ಕೊಳವೆ ಮೂವತ್ತು ಮೀಟರು ಉದ್ದವಿದ್ದಿತು. ಕೆಲಸ ಮುಗಿದಾಗ ಅದರ ಹೊಟ್ಟೆಯಲ್ಲಿ ಉಳಿಯುವುದೇ ಮೂರನೆಯ ಒಂದು ಘನ ಮೀಟರಿಗಿಂತ ಹೆಚ್ಚು. ಅಚ್ಚುಗಳ ಪಾಲನ್ನು ಎಷ್ಟೇ ಉದಾರವಾಗಿ ಹಿಡಿದರೂ ಇವುಗಳ ನೆರಳಿನಲ್ಲಿ ಅದು ಕಾಣಿಸುವುದಿಲ್ಲ.

ಉದಾರವಾಗಿ ಹಿಡಿಯುವುದೆಂದರೆ ಹೀಗೆ: ಆರು ಅಚ್ಚುಗಳಿಗೆ ಇಪ್ಪತ್ತು ಲೀಟರಾದರೂ ಬಾಂಡಲಿಗೆ ಇಪ್ಪತ್ತೇ ಲೀಟರು ಹಿಡಿದರೆ ಸಾಲದು. ಅಚ್ಚಿನಿಂದ ಚೆಲ್ಲುವುದುಂಟು, ಬಾಂಡಲಿಗೆ ಅಂಟಿಕೊಳ್ಳುವುದುಂಟು, ಕಾಂಕ್ರೀಟು ಎಷ್ಟು ಸಡಿಲವಿದೆಯೆಂದು ನೋಡುವ ಸ್ಲಂಪ್ ಶಂಕುವಿಗೇ ಐದೂವರೆ ಲೀಟರು ಬೇಕು. ಆದುದರಿಂದ ಒಂದು ನಮೂನೆಗೆ ಮೂವತ್ತರಿಂದ ಮೂವತ್ತೈದು ಲೀಟರನ್ನು ತೆಗೆಯುವುದು ವಾಡಿಕೆ. ಆರು ನಮೂನೆಗಳಿಗೆ ಸುಮಾರು 0.2 ಘನ ಮೀಟರು. ನೆಲದ ತಗ್ಗು, ಕೊಳವೆ, ಅಚ್ಚು ಎಲ್ಲವನ್ನೂ ಕೂಡಿಸಿ ನಾನು 122 ಘನ ಮೀಟರಿಗೆ ಹೇಳಿದ್ದಿದ್ದರೆ ಆ ಸಂಜೆ ಅವಮಾನವಾಗುತ್ತಿರಲಿಲ್ಲ. ಪುಣ್ಯಕ್ಕೆ ಬೇರೊಂದು ಕೆಲಸಕ್ಕೆ ಹೊರಟಿದ್ದ ಲಾರಿಯೊಂದನ್ನು ಇತ್ತ ತಿರುಗಿಸಿದರು. ಅದು ಬರುವವರೆಗೆ ಆಳುಗಳು ಹಾಕಿದ ಕಾಂಕ್ರೀಟಿನ ಅಂಚು ಬಿಗಿಯದಂತೆ ಆಗಾಗ ವೈಬ್ರೇಟರ್ ಇಳಿಸಿ ಅದನ್ನು ಜೀವಂತವಾಗಿಟ್ಟಿದ್ದರು. ಅಂಚು ಬಿಗಿದುಬಿಟ್ಟಿದ್ದರೆ ಹಳತಕ್ಕೂ ಹೊಸತಕ್ಕೂ ಬೆಸುಗೆಯಾಗದೆ ನೀರು ಜಿನುಗುವ ಸೀಳೊಂದು ಉಳಿಯುತ್ತಿದ್ದಿತು.

ಇನ್ನು ಮೂವತ್ತಾರೇ ಏಕೆ? ಮೇಸ್ತ್ರಿಗಳು ಬೆಳಿಗ್ಗೆ ಕೇಳಿದ್ದು ಇದನ್ನೇ. ನಮ್ಮ ಕೈಲಿದ್ದದ್ದು 2000ನೆಯ ಇಸವಿಯ ಐ.ಎಸ್. 456. ಅದರಲ್ಲಿ ಕಾಂಕ್ರೀಟಿನ ಮೊತ್ತಕ್ಕೆ ತಕ್ಕಂತೆ ನಮೂನೆಗಳ ಸಂಖ್ಯೆಯನ್ನು ಹೇಳಿದೆ. ಐದು ಘನ ಮೀಟರಿನವರೆಗೆ ಒಂದು, ಹದಿನೈದರವರೆಗೆ ಎರಡು, ಮೂವತ್ತರವರೆಗೆ ಮೂರು, ಐವತ್ತರವರೆಗೆ ನಾಲ್ಕು. ಆಮೇಲೆ ಪ್ರತಿ ಐವತ್ತಕ್ಕೂ, ಅಥವಾ ಅದರ ತುಣುಕಿಗೂ, ಇನ್ನೊಂದೊಂದು. ನಮ್ಮದು ನೂರನ್ನು ದಾಟಿ ನೂರೈವತ್ತರೊಳಗೆ ನಿಂತದ್ದರಿಂದ ನಾಲ್ಕಕ್ಕೆ ಎರಡು ಸೇರಿ ಆರು ನಮೂನೆ. ಒಂದೊಂದು ನಮೂನೆಗೆ ಇಪ್ಪತ್ತೆಂಟನೆಯ ದಿನ ಒಡೆಯಲು ಮೂರು ಘನಗಳು; ಹದಿನೆಂಟಾಯಿತು. ಮೂರರ ಸರಾಸರಿಯೇ ಆ ನಮೂನೆಯ ಬಲ. ಮೂರರಲ್ಲಿ ಒಂದು ಸರಾಸರಿಯಿಂದ ನೂರಕ್ಕೆ ಹದಿನೈದಕ್ಕಿಂತ ಹೆಚ್ಚು ಆಚೀಚೆ ಹೋದರೆ ಆ ನಮೂನೆಯ ಫಲವೇ ಲೆಕ್ಕಕ್ಕಿಲ್ಲ. ಅಂಥ ಕಡೆ ದೋಷ ಕಾಂಕ್ರೀಟಿನದಲ್ಲದೆ, ಅಚ್ಚು ತುಂಬಿದ ಕೈಯದೂ ಇರಬಹುದು.

ಇಷ್ಟು ಕಡ್ಡಾಯ. ಇನ್ನುಳಿದ ಹದಿನೆಂಟು ಏಳನೆಯ ದಿನಕ್ಕಾಗಿ ನಾನೇ ಬಯಸಿ ಸೇರಿಸಿದ್ದು. ಹಲಗೆಯ ಮೇಲೆ ಕಂಬಗಳು ಏಳಬೇಕಾಗಿದ್ದಿತು, ಕಂಬಗಳ ಮೇಲೆ ತೊಟ್ಟಿ. ಕಾಂಕ್ರೀಟು ಕೆಟ್ಟಿದೆಯೆಂದು ಇಪ್ಪತ್ತೆಂಟನೆಯ ದಿನ ತಿಳಿಯುವಷ್ಟರಲ್ಲಿ ಕಂಬಗಳು ಆಳೆತ್ತರ ನಿಂತಿರುತ್ತವೆ.

ಇಲ್ಲಿ ಒಂದು ತೊಡಕು. ತುಂಬಿದ ಅಚ್ಚನ್ನು ಇಪ್ಪತ್ನಾಲ್ಕು ಗಂಟೆಗಳ ಕಾಲ ಬಿಚ್ಚುವಂತಿಲ್ಲ. ಆದುದರಿಂದ ಒಂದೇ ದಿನದಲ್ಲಿ ಮೂವತ್ತಾರು ಘನ ಬೇಕೆಂದರೆ ಮೂವತ್ತಾರು ಕಬ್ಬಿಣದ ಅಚ್ಚುಗಳೇ ಬೇಕು. ನಮ್ಮಲ್ಲಿದ್ದದ್ದು ಹನ್ನೆರಡು. ಮೇಸ್ತ್ರಿಗಳ ಹನ್ನೆರಡಕ್ಕೆ ಬೇರೆ ಶಾಸ್ತ್ರವೇನೂ ಇರಲಿಲ್ಲ. ಉಳಿದ ಇಪ್ಪತ್ತನಾಲ್ಕನ್ನು ಎರಡು ಕಡೆಯಿಂದ ಎರವಲು ತಂದೆವು. ಮೂಲೆ ಸಡಿಲವಾಗಿದ್ದ ನಾಲ್ಕನ್ನು ಗುಂಡುಸೂಲಿನ ದಾರದಿಂದ ಅಳೆದು ಹಿಂದಕ್ಕೆ ಕಳಿಸಿ ಬೇರೆ ತರಿಸಿದೆವು.

ಯಾವ ಲಾರಿಯಿಂದ ನಮೂನೆ ತೆಗೆಯಬೇಕೆಂಬುದು ಸಂಖ್ಯೆಗಿಂತ ಮುಖ್ಯವಾದ ವಿಷಯ. ಮೊದಲ ಲಾರಿ ಬಂದೊಡನೆ ಎಲ್ಲ ಅಚ್ಚುಗಳನ್ನೂ ತುಂಬಿ ನೆಮ್ಮದಿಯಾಗುವುದು ಎಷ್ಟೋ ಕಡೆಯ ಪದ್ಧತಿ. ಹಾಗೆ ಮಾಡಿದರೆ ಮೂವತ್ತಾರಲ್ಲ, ಮುನ್ನೂರು ಘನಗಳು ಕೂಡ ಒಂದು ಲಾರಿಯ ಸಾಕ್ಷಿಯನ್ನಷ್ಟೇ ಹೇಳುತ್ತವೆ. ಹಿಂದಿನ ರಾತ್ರಿ ನಾನು ಒಂದರಿಂದ ಇಪ್ಪತ್ತರವರೆಗೆ ಚೀಟಿ ಬರೆದು ಲೋಟದಲ್ಲಿ ಹಾಕಿ ಆರನ್ನು ಎತ್ತಿದೆ: 2, 6, 9, 13, 16, 20. ಯಾರಿಗೂ ಹೇಳಲಿಲ್ಲ. ಆ ಲಾರಿಗಳು ಸುರಿಯುವಾಗ ಮೊದಲ ಹರಿವನ್ನೂ ಕೊನೆಯ ಹರಿವನ್ನೂ ಬಿಟ್ಟು ನಡುವಿನದನ್ನು ಹಿಡಿದೆವು. ಅಚ್ಚಿಗೆ ಮೂರು ಪದರ, ಪದರಕ್ಕೆ ಮೂವತ್ತೈದು ಕುಟ್ಟು. ಕುಟ್ಟುವ ಹುಡುಗ ತೆಲುಗಿನಲ್ಲಿ ಎಣಿಸುತ್ತಿದ್ದ. ಇಪ್ಪತ್ತರ ಆಚೆ ಅವನ ಎಣಿಕೆ ಓಡತೊಡಗುತ್ತಿದ್ದುದರಿಂದ ಪಕ್ಕದಲ್ಲಿ ನಿಲ್ಲಬೇಕಾಗಿದ್ದಿತು. ಪ್ರತಿ ಲಾರಿಯೂ ಹಲಗೆಯ ಯಾವ ಭಾಗಕ್ಕೆ ಹೋಯಿತೆಂಬುದನ್ನು ನಕ್ಷೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು ಹೊತ್ತು ಬರೆದೆ.

ಹದಿಮೂರನೆಯ ಲಾರಿಯ ಸ್ಲಂಪ್ ನೂರಾ ಅರುವತ್ತು ಮಿಲಿಮೀಟರು ಬಂದಿತು. ನಾವು ಕೇಳಿದ್ದು ನೂರು. ದಾರಿಯಲ್ಲಿ ಯಾರೋ ಡ್ರಮ್ಮಿಗೆ ನೀರು ಬಿಟ್ಟಿದ್ದಿರಬೇಕು. ಅದನ್ನು ಹಿಂದಕ್ಕೆ ಕಳುಹಿಸುವುದು ನನ್ನ ಕರ್ತವ್ಯವಾಗಿದ್ದಿತು. ನಡುಮಧ್ಯಾಹ್ನ, ಪಂಪು ಕಾಯುತ್ತಿದೆ, ಮುಂದಿನ ಲಾರಿ ಹಿಂದೆಯೇ ನಿಂತಿದೆ, "ಚೆನ್ನಾಗಿ ಹರೀತದೆ ಬಿಡಿ ಸ್ವಾಮಿ" ಎಂದು ಮೇಸ್ತ್ರಿಗಳು ಹೇಳುತ್ತಿದ್ದಾರೆ. ಬಿಟ್ಟುಬಿಟ್ಟೆ. ತಪ್ಪು ನನ್ನದೇ.

ಏಳನೆಯ ದಿನ ಮಿಕ್ಕ ಐದು ನಮೂನೆಗಳು ಇಪ್ಪತ್ತರ ಆಸುಪಾಸಿಗೆ ಬಂದರೆ ಹದಿಮೂರನೆಯದು ಹದಿನಾಲ್ಕಕ್ಕೆ ನಿಂತಿತು. ಆ ಭಾಗದ ಮೇಲಿನ ಎರಡು ಕಂಬಗಳ ಕೆಲಸವನ್ನು ಅಂದೇ ನಿಲ್ಲಿಸಿದೆವು. ಗುತ್ತಿಗೆದಾರರು ಮೂರು ದಿನ ನನ್ನೊಡನೆ ಮಾತನಾಡಲಿಲ್ಲ. ಇಪ್ಪತ್ತೆಂಟನೆಯ ದಿನ ಅದೇ ನಮೂನೆಯ ಮೂರು ಘನಗಳು 21.8, 21.0, 21.4 ಎಂದು ಒಡೆದುವು. ಮೂರೂ ಒಂದನ್ನೊಂದು ಹೋಲುತ್ತಿದ್ದುವು; ಅದೇ ಹುಡುಗನೇ ಕುಟ್ಟಿ, ಅದೇ ತೊಟ್ಟಿಯ ನೀರಿನಲ್ಲಿ ನೆನೆದ ಬೇರೆ ಐದು ನಮೂನೆಗಳು ಮೂವತ್ತರ ಸುತ್ತ ಬಂದಿದ್ದುವು. ಆದುದರಿಂದ ದೋಷ ಅಚ್ಚಿನದಲ್ಲ, ಕಾಂಕ್ರೀಟಿನದೇ. ಎಂ-25ಕ್ಕೆ ಒಂದು ನಮೂನೆ 22ಕ್ಕಿಂತ ಕೆಳಗಿಳಿಯಬಾರದು, ಇದು ಇಳಿದಿದ್ದಿತು.

ಪೆನ್ಸಿಲ್ ಗೆರೆಗಳ ನಕ್ಷೆ ಬೆಲೆ ತಂದದ್ದು ಆಗ. ಅದಿಲ್ಲದಿದ್ದರೆ ಇಡೀ ಹಲಗೆಯೇ ಶಂಕೆಗೆ ಗುರಿಯಾಗುತ್ತಿದ್ದಿತು. ಎಲ್ಲಿ ಕೊರೆದರೂ ಸಾಲುತ್ತಿರಲಿಲ್ಲ. ಹದಿಮೂರನೆಯ ಲಾರಿಯ ಆರು ಘನ ಮೀಟರು ಹತ್ತು ಚದರ ಮೀಟರಿನಷ್ಟೇ ಜಾಗಕ್ಕೆ ಹರಿದಿದ್ದುದರಿಂದ ಆ ಜಾಗದಲ್ಲಿಯೇ ಮೂರು ಕಡೆ ಕೊರೆದು ಉರುಳೆಗಳನ್ನು ತೆಗೆಸಿದೆವು. ಘನದ ಬಲಕ್ಕೆ ಹೊಂದಿಸಿ ನೋಡಿದಾಗ ಅವು 24.1, 22.8, 23.5 ಎಂದು ಬಂದುವು. ಉರುಳೆಗಳ ಸರಾಸರಿ ದರ್ಜೆಯ ನೂರಕ್ಕೆ ಎಂಬತ್ತೈದರಷ್ಟು, ಎಂದರೆ 21.25 ಇರಬೇಕು, ಯಾವ ಒಂದೂ ನೂರಕ್ಕೆ ಎಪ್ಪತ್ತೈದಕ್ಕೆ, ಎಂದರೆ 18.75ಕ್ಕೆ ಇಳಿಯಬಾರದು. ಪಾರಾದೆವು. ಕೊರೆದ ಕುಳಿಗಳನ್ನು ಕುಗ್ಗದ ಗಾರೆಯಿಂದ ತುಂಬಿಸಿ, ನಿಲ್ಲಿಸಿದ್ದ ಎರಡು ಕಂಬಗಳನ್ನು ಮತ್ತೆ ಎತ್ತಿದೆವು. ಕೊರೆಸಿದ ಖರ್ಚು ಮೂವತ್ತಾರು ಅಚ್ಚುಗಳ ಕಾಂಕ್ರೀಟಿನ ಬೆಲೆಯ ಎಷ್ಟೋ ಪಾಲು ಹೆಚ್ಚಾಗಿದ್ದಿತು. ಲಾರಿಯನ್ನು ಹಿಂದಿರುಗಿಸಿದ್ದರೆ ಅದೂ ಉಳಿಯುತ್ತಿದ್ದಿತು.

ಮುಂದಿನ ವರ್ಷ ಶ್ರೀನಿವಾಸಪುರದ ಹತ್ತಿರ ಮಾವಿನ ಗೋದಾಮೊಂದರ ನೆಲ ಹಾಕುವಾಗ ಅದೇ ಮೇಸ್ತ್ರಿಗಳು ಸಿಕ್ಕರು. ನಾನು ಬರುವಷ್ಟರಲ್ಲಿ ಬಡ ಕಾಂಕ್ರೀಟಿನ ಮೇಲೆ ಎರಡೆರಡು ಮೀಟರಿಗೆ ಒಂದರಂತೆ ಸೀಮೆಸುಣ್ಣದ ಗುರುತು ಹಾಕಿ ಮಟ್ಟ ನೋಡಿಸಿಟ್ಟಿದ್ದರು. "ತಳ ಒಂದೂವರೆ ಸೆಂಟಿಮೀಟರು ತಿಂದೀತು ಸ್ವಾಮಿ, ಮೊದಲೇ ಬರ್ಕೊಳ್ಳಿ," ಎಂದರು. ಅಚ್ಚುಗಳ ವಿಷಯವನ್ನು ಎತ್ತಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ಯಾರೂ ಹತ್ತಿರವಿಲ್ಲದಾಗ, ದನಿ ತಗ್ಗಿಸಿ ಕೇಳಿದರು: "ಚೀಟಿ ಎತ್ತಿ ಆಯ್ತಾ?"